ಕೃತಕ ಗರ್ಭಧಾರಣೆ: ಕಟ್ಟಿ ಸಾಕುವ ಹಸುವಿನಲ್ಲಿ ಬೆದೆ ಪತ್ತೆ ಮತ್ತು ಸರಿಯಾದ ಹೊತ್ತು

ಹೋರಿಯಿಂದ ಸಂಗ್ರಹಿಸಿದ ವೀರ್ಯವನ್ನು ಪರೀಕ್ಷಿಸಿ, ದ್ರಾವಣದಲ್ಲಿ ಬೆರೆಸಿ, ಹೆಪ್ಪುಗಟ್ಟಿಸಿ, ಬೆದೆಗೆ ಬಂದ ಹಸುವಿನ ಗರ್ಭಕೋಶಕ್ಕೆ ಉಪಕರಣದ ಮೂಲಕ ಸೇರಿಸುವುದೇ ಕೃತಕ ಗರ್ಭಧಾರಣೆ. ಭಾರತದಲ್ಲಿ ಇದರ ಮೊದಲ ಪ್ರಯೋಗ ನಡೆದದ್ದು ನಮ್ಮ ಮೈಸೂರಿನಲ್ಲಿ. 1939ರಲ್ಲಿ ಅರಮನೆಯ ಡೇರಿ ಫಾರಂನಲ್ಲಿ ಸಂಪತ್ ಕುಮಾರನ್ ಅವರು ಹಳ್ಳಿಕಾರ್ ಹಸುಗಳ ಮೇಲೆ ಇದನ್ನು ಮಾಡಿ ನೋಡಿದರು. ಆಗ ಬಳಸುತ್ತಿದ್ದುದು ಹೆಪ್ಪುಗಟ್ಟಿಸದ ವೀರ್ಯ. ಈಗ ಹೆಸರಘಟ್ಟದಂಥ ಕೇಂದ್ರಗಳಲ್ಲಿ ತಯಾರಾಗುವ 0.25 ಮಿ.ಲೀ. ನಳಿಕೆಗಳು ದ್ರವ ಸಾರಜನಕದಲ್ಲಿ, ಮೈನಸ್ 196 ಡಿಗ್ರಿ ಸೆಲ್ಸಿಯಸ್ ತಣುವಿನಲ್ಲಿ, ವರ್ಷಗಟ್ಟಲೆ ಕೆಡದೆ ಇರುತ್ತವೆ.

ಹೋರಿ ಬಿಟ್ಟು ಕಟ್ಟಿಸುವಾಗ ಬೆದೆ ಗುರುತಿಸುವ ಕೆಲಸವನ್ನು ಹೋರಿಯೇ ಮಾಡುತ್ತದೆ. ಹಸು ನಿಲ್ಲದಿದ್ದರೆ ಕಾಯುತ್ತದೆ, ನಿಂತರೆ ಹಾರುತ್ತದೆ, ಅವಕಾಶ ಸಿಕ್ಕರೆ ಮತ್ತೆ ಮತ್ತೆ ಹಾರುತ್ತದೆ. ಪ್ರತಿ ಬಾರಿಯೂ ನೂರಾರು ಕೋಟಿ ವೀರ್ಯಾಣುಗಳನ್ನು ಬಿಡುತ್ತದೆ. ಒಂದು ನಳಿಕೆಯಲ್ಲಿ ಇರುವುದು ಸುಮಾರು 2 ಕೋಟಿ ಮಾತ್ರ. ಕರಗಿಸಿದ ಮೇಲೆ ಅವುಗಳಲ್ಲಿ ಅರ್ಧದಷ್ಟು ಚುರುಕಾಗಿ ಚಲಿಸುತ್ತಿದ್ದರೆ ಆ ನಳಿಕೆ ಉತ್ತಮವಾದದ್ದು ಎಂದು ಲೆಕ್ಕ. ಇಷ್ಟು ಕಡಿಮೆ ಸಂಖ್ಯೆ ಸಾಕಾಗುವುದಕ್ಕೆ ಕಾರಣ, ನಾವು ಅವನ್ನು ಗರ್ಭಕಂಠ ದಾಟಿಸಿ ಒಳಗೇ ಬಿಡುವುದು. ಆದರೆ ಹೆಪ್ಪುಗಟ್ಟಿ ಕರಗಿದ ವೀರ್ಯಾಣುವಿನ ಆಯಸ್ಸು ಕಡಿಮೆ. ಹೊತ್ತು ತಪ್ಪಿದರೆ ಎಷ್ಟೇ ನುರಿತ ಕೈಯಾದರೂ ಪ್ರಯೋಜನವಿಲ್ಲ. ಡಿಪ್ಲೊಮಾ ವಿದ್ಯಾರ್ಥಿಗಳು ಗನ್ ದಾಟಿಸುವುದನ್ನು ಕೆಲವೇ ವಾರಗಳಲ್ಲಿ ಕಲಿಯುತ್ತಾರೆ. ಹೊತ್ತು ಲೆಕ್ಕ ಹಾಕುವುದನ್ನು ಕಲಿಯಲು ಅದಕ್ಕಿಂತ ಹೆಚ್ಚು ಕಾಲ ಬೇಕು. ಈ ಲೇಖನದ ಒತ್ತು ಅದರ ಮೇಲೇ ಇದೆ.

ಬೆದೆಯ ಗಡಿಯಾರ

ಹಸುವಿನ ಬೆದೆಚಕ್ರ ಸರಾಸರಿ 21 ದಿನ. 18ರಿಂದ 24 ದಿನಗಳವರೆಗೂ ಸಹಜ. ಚಕ್ರದ ಹೆಚ್ಚು ದಿನ ಅಂಡಾಶಯದ ಮೇಲಿನ ಹಳದಿಕಾಯವು ಪ್ರೊಜೆಸ್ಟೆರಾನ್ ಸ್ರವಿಸುತ್ತಾ ಹಸುವನ್ನು ಶಾಂತವಾಗಿ ಇಟ್ಟಿರುತ್ತದೆ. ಗರ್ಭ ನಿಲ್ಲದಿದ್ದರೆ ಸುಮಾರು 17ನೇ ದಿನಕ್ಕೆ ಗರ್ಭಕೋಶದಿಂದ ಬರುವ ಪ್ರೊಸ್ಟಗ್ಲಾಂಡಿನ್ ಆ ಹಳದಿಕಾಯವನ್ನು ಕರಗಿಸುತ್ತದೆ. ಆಗ ಹೊಸ ಕೋಶಿಕೆಯೊಂದು ಬಲಿಯುತ್ತದೆ, ಅದರಿಂದ ಈಸ್ಟ್ರೊಜೆನ್ ಏರುತ್ತದೆ, ಹಸು ಬೆದೆಗೆ ಬರುತ್ತದೆ. ಅದೇ ಈಸ್ಟ್ರೊಜೆನ್ ಏರಿಕೆ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಎಲ್‌ಎಚ್ ಎಂಬ ಚೋದಕವನ್ನು ಒಮ್ಮೆಲೇ ಹೊರಹಾಕಿಸುತ್ತದೆ. ಇನ್ನೊಂದು ಹಸು ತನ್ನ ಮೇಲೆ ಹಾರಿದರೂ ಹಸು ಕದಲದೆ ನಿಲ್ಲಲು ಶುರುಮಾಡುವುದೂ ಹೆಚ್ಚುಕಡಿಮೆ ಆ ಹೊತ್ತಿಗೇ.

ನಮ್ಮ ಗಡಿಯಾರ ಶುರುವಾಗುವುದು ಇಲ್ಲಿಂದ. ಹಸು ಹೀಗೆ ನಿಲ್ಲಲು ಆರಂಭಿಸಿದ ಸುಮಾರು 28 ಗಂಟೆಗೆ ಕೋಶಿಕೆ ಒಡೆದು ಅಂಡಾಣು ಹೊರಬರುತ್ತದೆ. ಬೆದೆ ಇರುವುದು ಸಾಮಾನ್ಯವಾಗಿ 12ರಿಂದ 18 ಗಂಟೆ. ಹಾಗಾಗಿ ಅಂಡಾಣು ಬಿಡುಗಡೆಯಾಗುವ ಹೊತ್ತಿಗೆ ಬೆದೆಯ ಲಕ್ಷಣಗಳು ಮುಗಿದು ಹತ್ತು ಹನ್ನೆರಡು ಗಂಟೆ ಕಳೆದಿರುತ್ತದೆ. ಇದು ಮೊದಲ ಸಲ ಕೇಳಿದವರಿಗೆ ವಿಚಿತ್ರವೆನಿಸುತ್ತದೆ. ಮನುಷ್ಯನ ಕಣ್ಣಿಗೆ ಹಸು ತಣ್ಣಗಾದ ಮೇಲೆ, ಒಳಗಡೆ ನಿಜವಾದ ಘಟನೆ ನಡೆಯುತ್ತದೆ.

ಬಿಡುಗಡೆಯಾದ ಅಂಡಾಣು ಚೆನ್ನಾಗಿ ಫಲಿಸುವ ಸ್ಥಿತಿಯಲ್ಲಿ ಇರುವುದು ಕೆಲವೇ ಗಂಟೆ. ಹತ್ತು ಹನ್ನೆರಡು ಗಂಟೆಯಾಗುವ ಹೊತ್ತಿಗೆ ಅದು ಮುದಿಯಾಗಿರುತ್ತದೆ. ಫಲಿಸಿದರೂ ಭ್ರೂಣ ದುರ್ಬಲವಾಗಿ ಸಾಯುವ ಸಾಧ್ಯತೆ ಹೆಚ್ಚು. ಇತ್ತ ವೀರ್ಯಾಣು ಗರ್ಭಕೋಶ ಸೇರಿದೊಡನೆ ಫಲಿಸುವಂತೆ ಮಾಡಲಾರದು. ಹೆಣ್ಣಿನ ಒಳಾಂಗದಲ್ಲಿ ಆರೇಳು ಗಂಟೆ ಇದ್ದು ಅದು ಸಿದ್ಧವಾಗಬೇಕು, ಅಂಡನಾಳ ತಲುಪಬೇಕು. ಕರಗಿಸಿದ ವೀರ್ಯಾಣುಗಳಲ್ಲಿ ಬಹುಪಾಲು ಒಂದು ದಿನದೊಳಗೆ ಕ್ಷೀಣಿಸುತ್ತವೆ. ಹೀಗಾಗಿ ಅಂಡಾಣು ಬರುವ ಮೊದಲೇ ವೀರ್ಯಾಣು ಹೋಗಿ ಕಾದಿರಬೇಕು, ಆದರೆ ತುಂಬಾ ಹೊತ್ತು ಕಾಯುವಂತೆಯೂ ಆಗಬಾರದು. ಬೇಗ ಹಾಕಿದರೆ ಫಲಿಸುವುದೇ ಕಡಿಮೆ. ತಡವಾಗಿ ಹಾಕಿದರೆ ಫಲಿಸಿದರೂ ಭ್ರೂಣದ ಗುಣ ಕೆಡುತ್ತದೆ. ಈ ಎರಡು ನಷ್ಟಗಳ ನಡುವಿನ ರಾಜಿಯೇ ‘ಸರಿಯಾದ ಸಮಯ’.

1940ರ ದಶಕದಲ್ಲಿ ಅಮೆರಿಕದ ನೆಬ್ರಾಸ್ಕದಲ್ಲಿ ಟ್ರಿಂಬರ್ಗರ್ ನಡೆಸಿದ ಅಧ್ಯಯನದಿಂದ ಬಂದದ್ದು ನಾವೆಲ್ಲ ಬಾಯಿಪಾಠ ಮಾಡುವ ನಿಯಮ: ಬೆಳಿಗ್ಗೆ ಬೆದೆ ಕಂಡರೆ ಅಂದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ. ಮುಂದೆ 1998ರಲ್ಲಿ, ಹಸುಗಳ ಬೆನ್ನ ಹಿಂಭಾಗಕ್ಕೆ ರೇಡಿಯೊ ಸಾಧನ ಅಂಟಿಸಿ ಪ್ರತಿ ಹಾರಾಟವನ್ನೂ ದಾಖಲಿಸಿದ ಅಮೆರಿಕದ ಇನ್ನೊಂದು ಅಧ್ಯಯನದಲ್ಲಿ, ಬೆದೆ ಶುರುವಾದ 4ರಿಂದ 12 ಗಂಟೆಯ ನಡುವೆ ಹಾಕಿದಾಗ ಅತಿ ಹೆಚ್ಚು ಗರ್ಭ ಕಟ್ಟಿತು. ಎರಡರ ನಡುವೆ ವಿರೋಧವಿದೆ ಎಂದು ಕಂಡರೂ ಹಾಗಿಲ್ಲ. ರೇಡಿಯೊ ಸಾಧನ ಬೆದೆಯ ಮೊದಲ ನಿಮಿಷವನ್ನೇ ಹಿಡಿಯುತ್ತದೆ; ರೈತ ‘ಕಂಡೆ’ ಎನ್ನುವ ಹೊತ್ತಿಗೆ ಬೆದೆ ಶುರುವಾಗಿ ಹಲವು ಗಂಟೆ ಆಗಿರಬಹುದು. ಕಂಡ ಹೊತ್ತು ಬೇರೆ, ಶುರುವಾದ ಹೊತ್ತು ಬೇರೆ. ಈ ವ್ಯತ್ಯಾಸ ತಲೆಯಲ್ಲಿದ್ದರೆ ಬೆಳಿಗ್ಗೆ–ಸಂಜೆ ನಿಯಮವನ್ನು ಎಲ್ಲಿ ಹಿಗ್ಗಿಸಬೇಕು, ಎಲ್ಲಿ ಕುಗ್ಗಿಸಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ಕಟ್ಟಿದ ಹಸುವಿನ ಬೆದೆ

ಪಠ್ಯಪುಸ್ತಕ ಹೇಳುವ ಖಚಿತ ಲಕ್ಷಣ ಒಂದೇ: ಮೇಲೆ ಹಾರಿಸಿಕೊಂಡು ಕದಲದೆ ನಿಲ್ಲುವುದು. ಆದರೆ ನಮ್ಮ ಹಳ್ಳಿಗಳಲ್ಲಿ ಹೆಚ್ಚಿನ ಮನೆಗಳಲ್ಲಿ ಇರುವುದು ಒಂದೋ ಎರಡೋ ಹಸು, ಅವೂ ಗೊಂತಿಗೆ ಕಟ್ಟಿದವು. ಹಾರುವುದಕ್ಕೆ ಜೊತೆಯಿಲ್ಲ, ನಿಲ್ಲುವುದಕ್ಕೆ ಜಾಗವಿಲ್ಲ. ಸೆಕೆಗಾಲದಲ್ಲಂತೂ ಬೆದೆಯ ಚಟುವಟಿಕೆ ರಾತ್ರಿ ಮತ್ತು ನಸುಕಿನ ತಂಪಿಗೆ ಸರಿಯುತ್ತದೆ. ಆಗ ಮನೆಯವರೆಲ್ಲ ಮಲಗಿರುತ್ತಾರೆ. ಹಾಗಾಗಿ ಖಚಿತ ಲಕ್ಷಣ ಇಲ್ಲದೆಯೇ ಖಚಿತ ತೀರ್ಮಾನಕ್ಕೆ ಬರುವ ದಾರಿ ಬೇಕು. ಅದಕ್ಕೆ ಮೂರು ಸಾಕ್ಷಿಗಳು ಕೂಡಿ ಬರಬೇಕು: ಹಸುವಿನ ನಡವಳಿಕೆ, ಲೋಳೆ, ಮತ್ತು ಗುದದ್ವಾರದ ಮೂಲಕ ಕೈಗೆ ಸಿಗುವ ಗರ್ಭಕೋಶದ ಸ್ಥಿತಿ.

ನಡವಳಿಕೆಯ ವಿಷಯದಲ್ಲಿ ಮನೆಯ ಹೆಂಗಸರ ಮಾತನ್ನು ಮೊದಲು ಕೇಳಬೇಕು. ಹಾಲು ಕರೆಯುವವರಿಗೆ, ಬೂಸಾ ಇಡುವವರಿಗೆ ಗೊತ್ತಾಗುವಷ್ಟು ಬೇಗ ಬೇರೆ ಯಾರಿಗೂ ಗೊತ್ತಾಗುವುದಿಲ್ಲ. ಹಸು ಕೂಗುತ್ತದೆ, ಮೇವು ಅರ್ಧಕ್ಕೆ ಬಿಡುತ್ತದೆ, ಹಾಲು ಇಳಿಸುತ್ತದೆ, ಪದೇ ಪದೇ ಸ್ವಲ್ಪ ಸ್ವಲ್ಪ ಗಂಜಲ ಹೊಯ್ಯುತ್ತದೆ, ಬೇರೆ ದನ ದಾರಿಯಲ್ಲಿ ಹೋದರೆ ಕಿವಿ ನಿಮಿರಿಸಿ ಹಗ್ಗ ಜಗ್ಗುತ್ತದೆ. ಸೊಂಟದ ಮೇಲೆ ಕೈಯಿಂದ ಒತ್ತಿದರೆ ಬೆನ್ನು ತಗ್ಗಿಸಿ ಬಾಲ ಪಕ್ಕಕ್ಕೆ ಸರಿಸುತ್ತದೆ. ಇವುಗಳಲ್ಲಿ ಯಾವುದೊಂದೂ ತಾನೇ ಸಾಲದು. ಹಸಿವು, ಕರುವನ್ನು ಬೇರೆ ಮಾಡಿದ್ದು, ಜ್ವರ — ಇವೂ ಹಸುವನ್ನು ಕೂಗಿಸುತ್ತವೆ, ಹಾಲು ಇಳಿಸುತ್ತವೆ.

ಲೋಳೆ ಹೆಚ್ಚು ನಂಬಿಕಸ್ಥ ಸಾಕ್ಷಿ. ಈತವನ್ನು ಬಿಡಿಸಿ ನೋಡಿ, ಬಾಲದ ಕೆಳಮೈ ಹಿಂದೊಡೆಯೊಂದಿಗೆ ಅಂಟಿದೆಯೇ ನೋಡಿ, ಮಲಗಿದ್ದ ಜಾಗದ ನೆಲವನ್ನೂ ನೋಡಿ. ಬೆದೆಗೆ ಮುಂಚೆ ಲೋಳೆ ತೆಳ್ಳಗೆ ನೀರಿನಂತೆ ಇರುತ್ತದೆ. ಬೆದೆಯ ನಡುವಿನಲ್ಲಿ ಅದು ಕೋಳಿಮೊಟ್ಟೆಯ ಬಿಳಿಯಂತೆ ಪಾರದರ್ಶಕ. ಹೆಬ್ಬೆರಳು ತೋರುಬೆರಳುಗಳ ನಡುವೆ ಒಂದು ಹನಿ ಹಿಡಿದು ಬೆರಳು ಅಗಲಿಸಿದರೆ ತುಂಡಾಗದೆ ದಾರದಂತೆ ಎಳೆಯುತ್ತದೆ. ಈತದಿಂದ ನೆಲಕ್ಕೆ ಹಗ್ಗದಂತೆ ಜೋತಾಡುತ್ತದೆ. ಬೆದೆ ಇಳಿಯುವಾಗ ದಪ್ಪಗಾಗಿ, ಮಸುಕಾಗಿ, ಬಾಲದ ಕೂದಲಿಗೆ ಒಣಗಿ ಅಂಟುತ್ತದೆ. ಸೂಕ್ಷ್ಮದರ್ಶಕ ಇರುವ ಕಡೆ ಗಾಜಿನ ಫಲಕದ ಮೇಲೆ ಒಂದು ಹನಿ ಒಣಗಿಸಿದರೆ ಬೆದೆಯ ಲೋಳೆ ಜರೀಗಿಡದ ಎಲೆಯ ಆಕಾರದಲ್ಲಿ ಹರಳುಗಟ್ಟುತ್ತದೆ. ಹಳದಿಕಾಯ ಇರುವಾಗ ಆ ಆಕಾರ ಮೂಡುವುದಿಲ್ಲ. ಲೋಳೆಯಲ್ಲಿ ಬಿಳಿ ಚೂರುಗಳೋ ಕೀವೋ ಕಂಡರೆ ಅದು ಗರ್ಭಕೋಶದ ಸೋಂಕು. ಆ ದಿನ ನಳಿಕೆ ಹಾಕಬಾರದು. ಪಶುವೈದ್ಯರಿಗೆ ತೋರಿಸಿ ಚಿಕಿತ್ಸೆ ಕೊಡಿಸಿ ಮುಂದಿನ ಬೆದೆಗೆ ಕಾಯಬೇಕು.

ಮೂರನೆಯದು ಕೈ ಪರೀಕ್ಷೆ. ಬೆದೆಯಲ್ಲಿರುವ ಹಸುವಿನ ಗರ್ಭಕೋಶ ಕೈ ತಾಗಿದೊಡನೆ ಬಿಗಿಯುತ್ತದೆ, ಸುರುಳಿಯಾಗಿ ಗಟ್ಟಿಯಾಗುತ್ತದೆ. ಒಂದು ಅಂಡಾಶಯದ ಮೇಲೆ ಒಂದೂವರೆ ಎರಡು ಸೆಂಟಿಮೀಟರ್ ಅಗಲದ, ನೀರು ತುಂಬಿದ ಗುಳ್ಳೆಯಂಥ ಕೋಶಿಕೆ ಸಿಗುತ್ತದೆ. ಅದನ್ನು ಹಿಚುಕಬಾರದು. ಗರ್ಭಕೋಶ ಸಡಿಲವಾಗಿ ಜೋತಿದ್ದು, ಅಂಡಾಶಯದ ಮೇಲೆ ಗಟ್ಟಿಯಾದ ಹಳದಿಕಾಯ ಉಬ್ಬಿ ನಿಂತಿದ್ದರೆ, ಹಸು ಎಷ್ಟೇ ಕೂಗಿದರೂ ಅದು ಬೆದೆಯಲ್ಲ. ಅಂಥ ಹಸುವಿಗೆ ‘ಬಂದದ್ದು ಬಂದಾಯ್ತಲ್ಲ’ ಎಂದು ನಳಿಕೆ ಹಾಕುವುದು ನಮ್ಮಲ್ಲಿ ಅತಿ ಸಾಮಾನ್ಯವಾದ, ಅತಿ ಕೆಟ್ಟ ಅಭ್ಯಾಸ. ಹಸು ಗಬ್ಬವಾಗಿದ್ದರೆ ಇನ್ನೂ ದೊಡ್ಡ ಅನಾಹುತ. ಕೆಲವು ಗಬ್ಬದ ಹಸುಗಳು ನಡುವೆ ಬೆದೆಯ ಲಕ್ಷಣ ತೋರಿಸುತ್ತವೆ. ಗನ್ ಗರ್ಭಕಂಠದ ಮುದ್ರೆ ಒಡೆದು ಒಳಹೊಕ್ಕರೆ ಹಸು ಕಂದು ಹಾಕುತ್ತದೆ. ಹಿಂದೆ ನಳಿಕೆ ಹಾಕಿಸಿಕೊಂಡ ಹಸು ಮತ್ತೆ ಬಂದರೆ ಮೊದಲು ಗಬ್ಬ ಪರೀಕ್ಷೆ. ಅನುಮಾನ ಉಳಿದರೆ, ಆದರೂ ಹಾಕಲೇಬೇಕಾದರೆ, ಗನ್ನನ್ನು ಗರ್ಭಕಂಠದ ನಡುವಿಗೆ ನಿಲ್ಲಿಸಿ ಅಲ್ಲೇ ಬಿಡಬೇಕು.

ದೇಸಿ ತಳಿಗಳ ಬಗ್ಗೆ ಒಂದು ಮಾತು. ಹಳ್ಳಿಕಾರ್, ಅಮೃತಮಹಲ್, ಮಲೆನಾಡು ಗಿಡ್ಡಗಳಲ್ಲಿ ಬೆದೆ ಎಚ್‌ಎಫ್ ಮಿಶ್ರತಳಿಗಿಂತ ಕಡಿಮೆ ಹೊತ್ತು ಇರುತ್ತದೆ, ಲಕ್ಷಣಗಳೂ ಮೆತ್ತಗೆ. ಸುಮಾರು ಹತ್ತು ಗಂಟೆಯ ಬೆದೆ ರಾತ್ರಿಯಲ್ಲೇ ಶುರುವಾಗಿ ರಾತ್ರಿಯಲ್ಲೇ ಮುಗಿಯಬಹುದು. ಇವುಗಳಲ್ಲಿ ಬೆಳಿಗ್ಗೆ ಲಕ್ಷಣ ಕಂಡರೆ ಸಂಜೆಯವರೆಗೆ ಕಾಯದೆ ಮಧ್ಯಾಹ್ನದೊಳಗೆ ಹಾಕುವುದು ಒಳ್ಳೆಯದು.

ಒಂದು ಹಸುವಿನ ಲೆಕ್ಕ

ಮಂಡ್ಯ ಕಡೆಯ ಒಂದು ಮನೆ ಎಂದುಕೊಳ್ಳಿ. ಎಚ್‌ಎಫ್ ಮಿಶ್ರತಳಿಯ ಹಸು, ಎರಡನೇ ಕರು ಹಾಕಿ 62 ದಿನ. ಕರು ಹಾಕಿದ ಮೇಲೆ ಗರ್ಭಕೋಶ ಮೊದಲಿನ ಸ್ಥಿತಿಗೆ ಬರಲು 45ರಿಂದ 60 ದಿನ ಬಿಡುವುದು ರೂಢಿ. ಆದ್ದರಿಂದ ಈ ಬೆದೆಗೆ ಹಾಕಬಹುದು. ಸೋಮವಾರ ಸಂಜೆ ಹಸು ಒಂದು ಲೀಟರು ಕಡಿಮೆ ಕರೆಯಿತು, ತೆಳ್ಳನೆಯ ಲೋಳೆ ಕಂಡಿತು. ರಾತ್ರಿ 9ಕ್ಕೆ ಮನೆಯಾಕೆ ಪಕ್ಕದ ಮನೆಯ ಹಸುವಿನ ಜೊತೆ ಅಂಗಳದಲ್ಲಿ ಬಿಟ್ಟು ನೋಡಿದರು. ಅದು ಹಾರಲು ಬಂದರೆ ಇದು ಓಡಿತು. ಮಂಗಳವಾರ ನಸುಕಿನ 5.30ಕ್ಕೆ ಮತ್ತೆ ಬಿಟ್ಟಾಗ ಕದಲದೆ ನಿಂತಿತು. ಲೋಳೆ ದಾರದಂತೆ ಜೋತಾಡುತ್ತಿತ್ತು. ಆರೂವರೆಗೆ ಫೋನು ಬಂತು: “ಸಾರ್, ನಮ್ಮ ಹಸ ರಾತ್ರಿಯಿಂದ ಕೂಗ್ತಾ ಐತೆ, ಬಂದು ಇಂಜೆಕ್ಷನ್ ಹಾಕ್ಬುಟ್ಟು ಹೋಗಿ.”

ಬೆದೆ ಶುರುವಾದದ್ದು ಯಾವಾಗ? ಸೋಮವಾರ ರಾತ್ರಿ 9ಕ್ಕೆ ನಿಲ್ಲಲಿಲ್ಲ, ಮಂಗಳವಾರ 5.30ಕ್ಕೆ ನಿಂತಿತು. ನಡುವಿನ ಎಂಟೂವರೆ ಗಂಟೆಯಲ್ಲಿ ಯಾವಾಗಲೋ ಶುರುವಾಗಿದೆ. ಎರಡೂ ತುದಿಗೆ 28 ಗಂಟೆ ಕೂಡಿಸಿ. 9 ಗಂಟೆಗೇ ಶುರುವಾಗಿದ್ದರೆ ಅಂಡಾಣು ಬುಧವಾರ ನಸುಕಿನ 1ಕ್ಕೆ ಬರುತ್ತದೆ; 5.30ಕ್ಕೆ ಆಗಿದ್ದರೆ ಬುಧವಾರ ಬೆಳಿಗ್ಗೆ 9.30ಕ್ಕೆ. ಈಗ ಹಿಂದಕ್ಕೆ ಎಣಿಸಿ. ಮಂಗಳವಾರ ಮಧ್ಯಾಹ್ನ 3ಕ್ಕೆ ನಳಿಕೆ ಹಾಕಿದರೆ, ಮೊದಲ ಸಂದರ್ಭದಲ್ಲಿ ಅಂಡಾಣುವಿಗೆ 10 ಗಂಟೆ ಮುಂಚೆ, ಎರಡನೆಯದರಲ್ಲಿ ಹದಿನೆಂಟೂವರೆ ಗಂಟೆ ಮುಂಚೆ ಹಾಕಿದಂತೆ. ಸಂಜೆ 5ಕ್ಕೆ ಹಾಕಿದರೆ 8 ಗಂಟೆ, ಇಲ್ಲವೇ ಹದಿನಾರೂವರೆ ಗಂಟೆ. ವೀರ್ಯಾಣು ಸಿದ್ಧವಾಗಲು ಬೇಕಾದ ಆರೇಳು ಗಂಟೆ ಎರಡರಲ್ಲೂ ಸಿಗುತ್ತದೆ, ಒಂದು ದಿನದ ಆಯಸ್ಸೂ ಮೀರುವುದಿಲ್ಲ. ಹಾಗಾಗಿ ಮಂಗಳವಾರ ಮಧ್ಯಾಹ್ನ 3ರಿಂದ 5 ಈ ಹಸುವಿನ ಹೊತ್ತು.

ನಿಮ್ಮ ಸುತ್ತಾಟದ ದಾರಿಯಲ್ಲಿ ಆ ಊರು ಬೆಳಿಗ್ಗೆ 11ಕ್ಕೇ ಸಿಗುವುದಾದರೆ ಆಗಲೇ ಹಾಕಿದರೂ ಅವಕಾಶ ಕೆಡುವುದಿಲ್ಲ. ಬೆದೆ ಶುರುವಾಗಿ ಕನಿಷ್ಠ ಐದೂವರೆ ಗಂಟೆಯಾಗಿರುತ್ತದೆ. ಆದರೆ ‘ಇವತ್ತು ಆಗಲ್ಲ, ನಾಳೆ ಹತ್ತಕ್ಕೆ ಬರ್ತೀನಿ’ ಎಂದರೆ ಕೆಟ್ಟಿತು. ಬುಧವಾರ ಹತ್ತಕ್ಕೆ ಅಂಡಾಣು ಬಂದು ಒಂಬತ್ತು ಗಂಟೆಯೇ ಆಗಿರಬಹುದು. ವೀರ್ಯಾಣು ಸಿದ್ಧವಾಗುವ ಹೊತ್ತಿಗೆ ಅದು ಉಳಿದಿರುವುದಿಲ್ಲ. ಸೋಮವಾರ ಸಂಜೆ ಹಾಲು ಇಳಿದ ಕೂಡಲೇ ಹಾಕಿದ್ದರೂ ತಪ್ಪೇ: ಅಂಡಾಣುವಿಗೆ 30 ಗಂಟೆಗೂ ಹೆಚ್ಚು ಕಾಲ ಬಾಕಿ ಇರುತ್ತಿತ್ತು. ಯಾವ ಕಡೆಗೂ ಖಚಿತವಿಲ್ಲದಾಗ ಕೆಲವು ಗಂಟೆ ಬೇಗ ಹಾಕುವುದು, ತಡವಾಗಿ ಹಾಕುವುದಕ್ಕಿಂತ ಮೇಲು. ಹಾಕಿ 24 ಗಂಟೆಯಾದರೂ ಹಸು ಬೆದೆಯಲ್ಲೇ ಇದ್ದರೆ ಅಂಡಾಣು ಬಿಡುಗಡೆ ತಡವಾಗುತ್ತಿದೆ ಎಂದರ್ಥ; ಮತ್ತೊಂದು ನಳಿಕೆ ಹಾಕಬೇಕು.

ನಳಿಕೆ ಹಾಕುವಾಗ

ಹೊತ್ತು ಸರಿಯಾಗಿ ಹಿಡಿದ ಮೇಲೆ ಕೈತಪ್ಪಿನಿಂದ ಅದನ್ನು ಕಳೆಯಬಾರದು. ಕ್ಯಾನಿಸ್ಟರನ್ನು ಕಂಟೇನರಿನ ಕತ್ತಿನ ಕೆಳಗೇ ಹಿಡಿದು ಚಿಮುಟದಿಂದ ನಳಿಕೆ ತೆಗೆಯಿರಿ. ಹತ್ತು ಸೆಕೆಂಡಿನಲ್ಲಿ ಸಿಗದಿದ್ದರೆ ಕ್ಯಾನಿಸ್ಟರನ್ನು ಮತ್ತೆ ಕೆಳಗಿಳಿಸಿ, ಆಮೇಲೆ ಪ್ರಯತ್ನಿಸಿ. ಹೊರಗಿನ ಬಿಸಿಗೆ ನಳಿಕೆ ಕ್ಷಣದಲ್ಲಿ ಅರೆಬೆಚ್ಚಗಾಗಿ, ಒಳಗಿನ ಮಂಜಿನ ಹರಳುಗಳು ಬೆಳೆದು ವೀರ್ಯಾಣುಗಳನ್ನು ಸೀಳುತ್ತವೆ. ಈ ಹಾನಿ ಹೊರಗೆ ಕಾಣುವುದಿಲ್ಲ. ತಿಂಗಳುಗಟ್ಟಲೆ ಯಾವ ಹಸುವೂ ಕಟ್ಟದಿದ್ದಾಗ ಗೊತ್ತಾಗುತ್ತದೆ. ಕಂಟೇನರಿನ ಹೊರಮೈ ಮೇಲೆ ಮಂಜು ಕೂತಿದ್ದರೆ ಅದರ ನಿರ್ವಾತ ಹೋಗಿದೆ ಎಂದು ತಿಳಿಯಿರಿ.

37 ಡಿಗ್ರಿ ನೀರಿನಲ್ಲಿ 30 ಸೆಕೆಂಡು ಕರಗಿಸಬೇಕು. ಉಷ್ಣಮಾಪಕ ಬೇಕೇ ಬೇಕು. ಅಂಗೈಯಲ್ಲಿ ಉಜ್ಜುವುದು, ಜೇಬಿನಲ್ಲಿ ಇಡುವುದು ಕರಗಿಸುವ ವಿಧಾನವಲ್ಲ. ನಳಿಕೆಯನ್ನು ಸ್ವಚ್ಛವಾಗಿ ಒರೆಸಿ, ಏಕೆಂದರೆ ಒಂದು ಹನಿ ನೀರು ಸೇರಿದರೂ ವೀರ್ಯಾಣುಗಳು ಸಾಯುತ್ತವೆ. ಹೋರಿಯ ಸಂಖ್ಯೆ ಓದಿ ಬರೆದುಕೊಳ್ಳಿ. ಹತ್ತಿಯ ಬಿರಡೆ ಇರುವ ತುದಿಯನ್ನು ಗನ್‌ನೊಳಕ್ಕೆ ಸೇರಿಸಿ, ಇನ್ನೊಂದು ತುದಿಯನ್ನು ಗಾಳಿಗುಳ್ಳೆಯ ಜಾಗದಲ್ಲಿ ನೇರವಾಗಿ ಕತ್ತರಿಸಿ, ಪ್ಲಾಸ್ಟಿಕ್ ಶೀತ್ ಹಾಕಿ. ಬಿಸಿಲು ತಾಗಿಸದೆ ಕೆಲವು ನಿಮಿಷಗಳಲ್ಲೇ ಬಳಸಿ.

ಎಡಗೈ ಗುದನಾಳದಲ್ಲಿ, ಬಲಗೈಯಲ್ಲಿ ಗನ್. ಈತವನ್ನು ಒಣಗಿದ ಸ್ವಚ್ಛ ಬಟ್ಟೆಯಿಂದ ಒರೆಸಿ. ಗನ್ನನ್ನು ಮೊದಲು ಮೇಲ್ಮುಖವಾಗಿ ಓರೆ ಹಿಡಿದು ತೂರಿಸಬೇಕು, ಇಲ್ಲವಾದರೆ ಅದು ಕೆಳಗಿರುವ ಮೂತ್ರದ್ವಾರ ಹೊಗುತ್ತದೆ. ಆಮೇಲೆ ಸಮವಾಗಿ ಮುಂದಕ್ಕೆ. ಗರ್ಭಕಂಠದಲ್ಲಿ ಮೂರು ನಾಲ್ಕು ಉಂಗುರಗಳಿವೆ. ಗನ್ನನ್ನು ಬಲವಂತವಾಗಿ ತಳ್ಳದೆ, ಎಡಗೈಯಿಂದ ಗರ್ಭಕಂಠವನ್ನೇ ಗನ್ನಿನ ಮೇಲೆ ಎಳೆದು ಹೊಂದಿಸಬೇಕು. ಕೊನೆಯ ಉಂಗುರ ದಾಟಿದ ತುದಿ ತೋರುಬೆರಳಿಗೆ ಸಿಕ್ಕ ಕೂಡಲೇ ನಿಲ್ಲಿಸಿ. ಅದು ಗರ್ಭಕೋಶದ ಕಾಯ, ನಳಿಕೆ ಬಿಡಬೇಕಾದ ಜಾಗ. ಅಲ್ಲಿ ಐದು ಸೆಕೆಂಡು ನಿಧಾನವಾಗಿ ಒತ್ತಿದರೆ ವೀರ್ಯ ಎರಡೂ ಕೊಂಬುಗಳಿಗೆ ಹಂಚಿಹೋಗುತ್ತದೆ. ಇನ್ನೂ ಮುಂದೆ ತಳ್ಳಿದರೆ ಒಂದೇ ಕೊಂಬಿಗೆ ಹೋಗುತ್ತದೆ, ಒಳಪದರವೂ ಗಾಯವಾಗುತ್ತದೆ.

ಹಾಕಿದ ಮೇಲೆ

ಬೆದೆಯ ನಂತರ ಎರಡು ದಿನಕ್ಕೆ ಕೆಲವು ಹಸುಗಳ ಈತದಿಂದ ಸ್ವಲ್ಪ ರಕ್ತ ಬೆರೆತ ಲೋಳೆ ಬರುತ್ತದೆ. ಈಸ್ಟ್ರೊಜೆನ್ ಇಳಿದಾಗ ಗರ್ಭಕೋಶದ ಒಳಪದರದ ಸಣ್ಣ ರಕ್ತನಾಳಗಳು ಒಡೆಯುವುದರಿಂದ ಇದು ಆಗುತ್ತದೆ. ರೈತರು ‘ಹಾಕಿದ್ದು ಹೋಯ್ತು’ ಎಂದು ಮರುಗುತ್ತಾರೆ. ಕೆಲವರು ‘ಕಟ್ಟಿತು’ ಎಂದು ಹಿಗ್ಗುತ್ತಾರೆ. ಎರಡೂ ಸರಿಯಲ್ಲ. ಅದು ಹೇಳುವುದು ಇಷ್ಟೇ, ಬೆದೆ ಒಂದೆರಡು ದಿನದ ಹಿಂದೆ ಆಗಿತ್ತು. ಬೆದೆಯನ್ನೇ ನೋಡದ ಮನೆಯಲ್ಲಿ ಈ ರಕ್ತ ಕಂಡರೆ ಬೆಲೆಯುಳ್ಳ ಸುಳಿವು: ಆ ದಿನಾಂಕ ಬರೆದಿಟ್ಟು ಸುಮಾರು 19 ದಿನಕ್ಕೆ ಕಾಯಬೇಕು.

ನಮ್ಮ ಹಸುವಿಗೆ ಮಂಗಳವಾರ ನಳಿಕೆ ಬಿತ್ತು. 21 ದಿನವೆಂದರೆ ಸರಿಯಾಗಿ ಮೂರು ವಾರ, ಹಾಗಾಗಿ ಮತ್ತೆ ಬೆದೆ ಬರುವುದಾದರೆ ಅದೂ ಮಂಗಳವಾರದ ಆಸುಪಾಸಿನಲ್ಲೇ. ಅದರ ಹಿಂದಿನ ಶನಿವಾರದಿಂದ ಮುಂದಿನ ಶುಕ್ರವಾರದವರೆಗೆ ನಸುಕಿನಲ್ಲಿ, ಮಧ್ಯಾಹ್ನ, ರಾತ್ರಿ ಮಲಗುವ ಮುನ್ನ ಇಪ್ಪತ್ತು ನಿಮಿಷ ನೋಡಿ ಎಂದು ಮನೆಯಾಕೆಗೆ ಹೇಳಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಬನ್ನಿ. ಮರಳಿ ಬೆದೆ ಬರಲಿಲ್ಲ ಎಂದಮಾತ್ರಕ್ಕೆ ಗಬ್ಬ ಎಂದು ಬರೆಯಬೇಡಿ. ಬೆದೆ ಬಂದದ್ದು ಕಾಣದೆ ಹೋಗಿರಬಹುದು. ಎರಡು ಮೂರು ತಿಂಗಳಿಗೆ ಕೈ ಪರೀಕ್ಷೆ ಮಾಡಿಸಿ, ಆಮೇಲೆ ಕಾರ್ಡಿನಲ್ಲಿ ಬರೆಯಿರಿ. ಕಟ್ಟಿದ್ದರೆ ಆ ಮಂಗಳವಾರದಿಂದ ಸುಮಾರು 280 ದಿನಕ್ಕೆ ಕರು.